ಮುಳುಗುವವರಿಗೆ ಕೈಯಲ್ಲ, ಕೊಡ ಕೊಡಿ

2020ರ ಆಗಸ್ಟ್. ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಅಣೆಕಟ್ಟಿನಲ್ಲಿ ಮಳೆನೀರು ತುಂಬಿ ನಿಂತಿತ್ತು. ಕ್ರಿಕೆಟ್ ಆಡಲು ಬಂದಿದ್ದ ಯುವಕರ ಗುಂಪೊಂದು ಮೈ ತೊಳೆಯಲು ಅಲ್ಲಿಗೆ ಹೋಯಿತು. ನಾಲ್ವರು ಆಳಕ್ಕೆ ಸಿಲುಕಿದರು. ಅಲ್ಲೇ ಇದ್ದ ಊರಿನ ಮೂವರು ಹೆಂಗಸರು ಹಿಂದೆಮುಂದೆ ನೋಡದೆ ಉಟ್ಟ ಸೀರೆ ಬಿಚ್ಚಿ ನೀರಿಗೆ ಎಸೆದರು. ಇಬ್ಬರು ಸೀರೆ ಹಿಡಿದು ಬದುಕಿದರು. ಉಳಿದಿಬ್ಬರು ಅಷ್ಟರಲ್ಲಿ ಮುಳುಗಿಹೋಗಿದ್ದರು. ತಮಿಳುನಾಡು ಸರ್ಕಾರ ಆ ಮೂವರಿಗೆ ಕಲ್ಪನಾ ಚಾವ್ಲಾ ಪ್ರಶಸ್ತಿ ನೀಡಿತು.

ಆ ಹೆಂಗಸರು ಮಾಡಿದ್ದರಲ್ಲಿ ಧೈರ್ಯದ ಜೊತೆಗೆ ಒಂದು ಸರಿಯಾದ ಲೆಕ್ಕಾಚಾರವೂ ಇತ್ತು. ಮುಳುಗುತ್ತಿದ್ದವರ ಕೈಗೆ ಸಿಕ್ಕಿದ್ದು ಸೀರೆ, ಅವರ ಕೊರಳಲ್ಲ. ಕೆರೆಯಲ್ಲಿ ಮಗನನ್ನು ಉಳಿಸಲು ಹೋದ ತಂದೆಯೂ ಗೆಳೆಯನ ಹಿಂದೆಯೇ ಹಾರಿದ ಗೆಳೆಯನೂ ಹೆಣವಾಗಿ ಬರುವ ಸುದ್ದಿಗಳಲ್ಲಿ ಬಹುಪಾಲು ಈ ಲೆಕ್ಕ ತಪ್ಪಿರುತ್ತದೆ.

ಮುಳುಗುವವನು ಏಕೆ ಹಾಗೆ ಅಪ್ಪಿ ಹಿಡಿಯುತ್ತಾನೆ? ನ್ಯೂಯಾರ್ಕಿನ ಆರ್ಚರ್ಡ್ ಬೀಚಿನಲ್ಲಿ ಜೀವರಕ್ಷಕರಾಗಿದ್ದ ಫ್ರಾಂಕ್ ಪಿಯಾ, ಮುಳುಗುವವರು ಹೇಗೆ ಒದ್ದಾಡುತ್ತಾರೆ ಎಂಬುದನ್ನು ಚಿತ್ರೀಕರಿಸಿ ಅಧ್ಯಯನ ಮಾಡಿದರು. ಅವರು ಕಂಡದ್ದು ಸಿನಿಮಾದಲ್ಲಿ ತೋರಿಸುವಂಥದ್ದಲ್ಲ. ಮುಳುಗುವವನು ಸಾಮಾನ್ಯವಾಗಿ ಕೂಗುವುದಿಲ್ಲ, ಕೈ ಬೀಸುವುದೂ ಇಲ್ಲ. ಬಾಯಿ ನೀರಿನ ಮೇಲೆ ಬಂದ ಕ್ಷಣದಲ್ಲಿ ಉಸಿರೆಳೆದುಕೊಳ್ಳುವುದಕ್ಕೇ ಹೊತ್ತು ಸಾಲದು. ದೇಹ ನೆಟ್ಟಗೆ ನಿಂತಿರುತ್ತದೆ, ಕೈಗಳು ಎರಡೂ ಬದಿಗೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಇದು ಅವನ ಇಚ್ಛೆಯಿಂದ ನಡೆಯುವುದಲ್ಲ. 20ರಿಂದ 60 ಸೆಕೆಂಡು ಈ ಒದ್ದಾಟ ನಡೆಯುತ್ತದೆ, ಆಮೇಲೆ ತಲೆ ಒಳಗಿಳಿಯುತ್ತದೆ. ಆ ಹೊತ್ತಿನಲ್ಲಿ ಹತ್ತಿರ ಹೋದವನ ತಲೆ, ಭುಜ ಯಾವುದು ಸಿಕ್ಕರೂ ಆ ಕೈಗಳು ಅದನ್ನೇ ಕೆಳಕ್ಕೆ ಒತ್ತುತ್ತವೆ. ಈಜು ಬಲ್ಲವನೂ ಸೋಲುವುದು ಇಲ್ಲೇ.

ಕರ್ನಾಟಕದ ಹೊಲಗಳಲ್ಲಿ ಈ ಅಪಾಯದ ಇನ್ನೊಂದು ರೂಪವಿದೆ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಒಣಬೇಸಾಯದ ಜಿಲ್ಲೆಗಳಲ್ಲಿ ಕೃಷಿ ಹೊಂಡಗಳು ಹೆಚ್ಚಿದವು. ನೀರು ಇಂಗದಿರಲೆಂದು ಹೊಂಡಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಅದರ ಮೇಲೆ ಪಾಚಿ ಕಟ್ಟಿದರೆ ಕಾಲು ನಿಲ್ಲುವುದಿಲ್ಲ, ಹಿಡಿಯಲು ಕಲ್ಲಿಲ್ಲ, ಬೇರಿಲ್ಲ. ಬಿದ್ದವನು ದಡದಿಂದ ಎರಡು ಮಾರು ದೂರದಲ್ಲಿದ್ದರೂ ಹತ್ತಿ ಬರಲಾರ. ಎತ್ತಲು ಹೋದವನೂ ಅದೇ ಇಳಿಜಾರಿನಲ್ಲಿ ಜಾರುತ್ತಾನೆ.

ಇಂಥ ಹೊಂಡಕ್ಕೆ ಹುಡುಗನೊಬ್ಬ ಬಿದ್ದಿದ್ದಾನೆ ಎಂದುಕೊಳ್ಳಿ. ಮೊದಲ ಕೆಲಸ ಜೋರಾಗಿ ಕೂಗಿ ಜನ ಸೇರಿಸುವುದು, ಒಬ್ಬರಿಂದ 112ಕ್ಕೆ ಫೋನ್ ಮಾಡಿಸುವುದು. ಎರಡನೆಯದು ಉದ್ದನೆಯ ವಸ್ತು ಹುಡುಕುವುದು. ಹೊಲದಲ್ಲಿ ಸ್ಪ್ರಿಂಕ್ಲರ್ ಪೈಪು ಇದ್ದೇ ಇರುತ್ತದೆ. 20 ಅಡಿಯ ಆ ಕಪ್ಪು ಪೈಪು ಹಗುರ, ನೀರಲ್ಲಿ ತೇಲುತ್ತದೆ. ಬಿದಿರು ಗಳವೂ ಆದೀತು. ಕೊಡುವವನು ಹಾಳೆಯ ಮೇಲೆ ಕಾಲಿಡದೆ, ಹೊಂಡದ ಏರಿಯ ಮಣ್ಣಿನ ಮೇಲೆ ಬೋರಲು ಮಲಗಬೇಕು. ಹಿಂದಿನಿಂದ ಇನ್ನೊಬ್ಬ ಅವನ ಕಾಲು ಹಿಡಿದಿರಬೇಕು. ನಿಂತುಕೊಂಡು ಚಾಚಿದರೆ ಹುಡುಗ ಎಳೆದ ಒಂದೇ ಎಳೆತಕ್ಕೆ ಮುಗ್ಗರಿಸುವುದು ಖಂಡಿತ. ಪೈಪನ್ನು ಎಂದೂ ಸೊಂಟಕ್ಕೋ ಮಣಿಕಟ್ಟಿಗೋ ಸುತ್ತಿಕೊಳ್ಳಬಾರದು. ಕೈ ಜಾರತೊಡಗಿದರೆ ಬಿಟ್ಟು, ಮತ್ತೆ ಚಾಚಲು ಅವಕಾಶವಿರಬೇಕು.

ಪೈಪು ಮುಟ್ಟದಷ್ಟು ದೂರವಿದ್ದರೆ ತೇಲುವ ವಸ್ತು ಎಸೆಯಬೇಕು. ಬಾಯಿ ಮುಚ್ಚಿದ 5 ಲೀಟರಿನ ಖಾಲಿ ಎಣ್ಣೆ ಕ್ಯಾನು ಸುಮಾರು 5 ಕೆ.ಜಿ. ಭಾರವನ್ನು ತೇಲಿಸುತ್ತದೆ. ನೀರಿನೊಳಗೆ ಮೈಯ ಭಾರ ಬಹುಪಾಲು ಕಳೆದುಹೋಗುವುದರಿಂದ ಬಾಯಿ ಮೇಲಿರಿಸಲು ಅಷ್ಟು ಆಸರೆ ಸಾಕು. ಪೂರ್ತಿ ಖಾಲಿ ಕ್ಯಾನು ಗಾಳಿಗೆ ಅಡ್ಡಾದಿಡ್ಡಿ ಹೋಗುತ್ತದೆ, ಅರ್ಧ ಲೋಟ ನೀರು ಹಾಕಿ ಮುಚ್ಚಿದರೆ ಗುರಿಗೆ ಹೋಗುತ್ತದೆ. ಪ್ಲಾಸ್ಟಿಕ್ ಕೊಡವಾದರೆ ಬಾಯಿ ಕೆಳಗಾಗಿ ನೀರಿಗೆ ಒತ್ತಿ ಹಿಡಿಯುವಂತೆ ಕೂಗಿ ಹೇಳಬೇಕು. ಹಗ್ಗವೋ ಸೀರೆಯೋ ಕಟ್ಟಿ ಎಸೆದರೆ ಎಳೆಯಲೂ ಬರುತ್ತದೆ. ಅವನ ಭುಜದಾಚೆಗೆ ಎಸೆದು ಹಗ್ಗ ಅವನ ಮೇಲೆ ಬೀಳುವಂತೆ ಮಾಡುವುದು ಜಾಣತನ, ಏಕೆಂದರೆ ಮುಂದೆ ಬಿದ್ದದ್ದನ್ನು ಹುಡುಕಿ ಹಿಡಿಯುವ ಸ್ಥಿತಿಯಲ್ಲಿ ಅವನಿರುವುದಿಲ್ಲ.

ನೀರಿಗಿಳಿಯುವುದು ತರಬೇತಿ ಪಡೆದವರ ಕೆಲಸ. ಅವರೂ ಟ್ಯೂಬೋ ಕ್ಯಾನೋ ಮುಂದೆ ತಳ್ಳಿಕೊಂಡು ಹೋಗುತ್ತಾರೆ, ಮೊದಲು ಅದನ್ನೇ ಕೊಡುತ್ತಾರೆ. ಅಪ್ಪಿಬಿಟ್ಟರೆ ಜಗ್ಗಾಡದೆ ಗದ್ದವನ್ನು ಎದೆಗೊತ್ತಿ ನೀರಿನಡಿಗೆ ಹೋಗುತ್ತಾರೆ. ಮುಳುಗುವವನಿಗೆ ಬೇಕಿರುವುದು ಗಾಳಿ, ಹಾಗಾಗಿ ಕೆಳಗಿಳಿಯುವ ಆಸರೆಯನ್ನು ಅವನು ಬಿಡುತ್ತಾನೆ.

ದಡಕ್ಕೆ ತಂದ ಮೇಲೆ ಊರು ಮಾಡುವ ಕೆಲಸವೊಂದಿದೆ. ಹೊಟ್ಟೆ ಒತ್ತಿ ನೀರು ಕಕ್ಕಿಸುವುದು, ತಲೆಕೆಳಗು ಮಾಡುವುದು, ತಲೆಯ ಮೇಲೆ ಹೊತ್ತು ಗಿರಗಿರ ತಿರುಗಿಸುವುದು. 2022ರಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ, ಜಾಲತಾಣದಲ್ಲಿ ಬಂದ ಮಾತು ನಂಬಿ, ಮುಳುಗಿ ಸತ್ತಿದ್ದ ಬಾಲಕನನ್ನು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಮಲಗಿಸಿದ್ದರು. ಉಪ್ಪು ಯಾರನ್ನೂ ಬದುಕಿಸುವುದಿಲ್ಲ. ಹೊಟ್ಟೆ ಒತ್ತಿದರೆ ಬರುವುದು ಶ್ವಾಸಕೋಶದ ನೀರಲ್ಲ, ಹೊಟ್ಟೆಯಲ್ಲಿರುವ ನೀರು ಮತ್ತು ಆಹಾರ. ಅದು ಗಂಟಲಿಗೆ ಬಂದು ಉಸಿರಿನ ದಾರಿಗೆ ಇಳಿಯುತ್ತದೆ. ಮುಳುಗಿದವನನ್ನು ಕೊಲ್ಲುವುದು ಆಮ್ಲಜನಕದ ಕೊರತೆ. ಉಸಿರು ನಿಂತ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಹಾನಿ ಶುರುವಾಗುತ್ತದೆ.

ಆದ್ದರಿಂದ ಅಂಗಾತ ಮಲಗಿಸಿ, ಕರೆದು, ಭುಜ ತಟ್ಟಿ ನೋಡಬೇಕು. ಹಣೆ ಹಿಂದಕ್ಕೆ ಬಾಗಿಸಿ ಗದ್ದ ಎತ್ತಿದರೆ ಉಸಿರಿನ ದಾರಿ ತೆರೆಯುತ್ತದೆ. ಎದೆ ಏರಿಳಿಯುತ್ತಿದೆಯೇ ಎಂದು 10 ಸೆಕೆಂಡು ನೋಡಿ. ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಏದುಸಿರು ಬಿಟ್ಟರೆ ಅದನ್ನು ಉಸಿರಾಟವೆಂದು ಎಣಿಸಬಾರದು. ಉಸಿರಿಲ್ಲದಿದ್ದರೆ ಮೂಗು ಹಿಡಿದು, ಬಾಯಿಗೆ ಬಾಯಿಯಿಟ್ಟು, ಎದೆ ಮೇಲೇಳುವಷ್ಟು ಊದಬೇಕು. ಹಠಾತ್ತನೆ ಹೃದಯ ನಿಂತವರಿಗೆ ಎದೆ ಒತ್ತುವುದರಿಂದ ಶುರು ಮಾಡುತ್ತಾರೆ, ಮುಳುಗಿದವರಿಗೆ ಉಸಿರಿನಿಂದ. ಮೊದಲು 5 ಉಸಿರು ಎನ್ನುತ್ತದೆ ಯುರೋಪಿನ ಮಾರ್ಗಸೂಚಿ, 2 ಎನ್ನುತ್ತದೆ ಅಮೆರಿಕದ್ದು. ಆಮೇಲೂ ಅಲುಗಾಡದಿದ್ದರೆ ಎದೆಯ ನಡುವೆ ಅಂಗೈಯ ಬುಡವಿಟ್ಟು 30 ಸಲ ಒತ್ತಿ, 2 ಉಸಿರು ಕೊಡಿ. ದೊಡ್ಡವರಿಗೆ 5ರಿಂದ 6 ಸೆಂ.ಮೀ. ಆಳ, ಮಕ್ಕಳಿಗೆ ಎದೆಯ ದಪ್ಪದ ಮೂರನೇ ಒಂದು ಭಾಗ, ನಿಮಿಷಕ್ಕೆ 100ರಿಂದ 120ರ ವೇಗ. ಬಾಯಿಂದ ಬರುವ ನೊರೆ ಒರೆಸುತ್ತ ಕೂರಬೇಡಿ, ಅದು ಬರುತ್ತಲೇ ಇರುತ್ತದೆ. ವಾಂತಿಯಾದರೆ ಮಾತ್ರ ಪಕ್ಕಕ್ಕೆ ಹೊರಳಿಸಿ, ಬಾಯಿ ಸ್ವಚ್ಛ ಮಾಡಿ ಮುಂದುವರಿಸಿ. ಇಬ್ಬರಿದ್ದರೆ ಎರಡೆರಡು ನಿಮಿಷಕ್ಕೆ ಕೈ ಬದಲಿಸಿಕೊಂಡು, ಉಸಿರು ಮರಳುವವರೆಗೆ ಅಥವಾ 108 ಬರುವವರೆಗೆ ನಿಲ್ಲಿಸಬಾರದು.

ಉಸಿರು ಬಂದು ಎಚ್ಚರ ಬರದಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಬೇಕು. ಎದ್ದು ಕೂತು ಮಾತಾಡಿದರೂ, ಕೆಮ್ಮು, ಏದುಸಿರು ಅಥವಾ ಮಂಪರು ಇದ್ದರೆ ಮನೆಗೆ ಕಳಿಸುವಂತಿಲ್ಲ. ಶ್ವಾಸಕೋಶಕ್ಕೆ ಹೋದ ನೀರು ಮುಂದಿನ ಕೆಲವು ಗಂಟೆಗಳಲ್ಲಿ ಉಸಿರಾಟ ಕೆಡಿಸಬಹುದು, ಹಾಗಾಗಿ ಆಸ್ಪತ್ರೆಯಲ್ಲಿ 6ರಿಂದ 8 ಗಂಟೆ ನಿಗಾದಲ್ಲಿಡುತ್ತಾರೆ. ಜೊತೆಗೆ ಹೋದವರು ವೈದ್ಯರಿಗೆ ಮೂರು ಸಂಗತಿ ಹೇಳಬೇಕು: ನೀರಿನಡಿಯಲ್ಲಿ ಎಷ್ಟು ಹೊತ್ತಿದ್ದ, ಹೊರಗೆ ತೆಗೆದಾಗ ಉಸಿರಿತ್ತೇ, ಇಲ್ಲದಿದ್ದರೆ ಎಷ್ಟು ಹೊತ್ತಿನ ಮೇಲೆ ಮರಳಿತು.