ಹೃದಯದ ಮಾತ್ರೆ, ಮಂಡಿನೋವಿನ ಮಾತ್ರೆ

ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಅರವತ್ತೈದರ ಹಿರಿಯರೊಬ್ಬರಿದ್ದಾರೆ ಎಂದುಕೊಳ್ಳೋಣ. ದಿನಕ್ಕೊಂದು 75 ಮಿಲಿಗ್ರಾಂ ಆಸ್ಪಿರಿನ್ ತಪ್ಪದೆ ನುಂಗುತ್ತಾರೆ. ಈಚೆಗೆ ಮಂಡಿ ಹಿಡಿದುಕೊಂಡು ಬೆಳಗ್ಗೆ ಮೆಟ್ಟಿಲು ಇಳಿಯುವುದೇ ಕಷ್ಟವಾಗಿದೆ. ಮೆಡಿಕಲ್ ಶಾಪಿನಲ್ಲಿ ಕೇಳಿ 400 ಮಿಲಿಗ್ರಾಂನ ಐಬುಪ್ರೊಫೆನ್ ತಂದಿಟ್ಟುಕೊಂಡಿದ್ದಾರೆ. ಏಳಕ್ಕೆ ಎದ್ದೊಡನೆ ಅದನ್ನು ನುಂಗುತ್ತಾರೆ. ಒಂಬತ್ತಕ್ಕೆ ತಿಂಡಿ ಮುಗಿಸಿ ಹೃದಯದ ಮಾತ್ರೆ. ಯಾವುದನ್ನೂ ಮರೆತಿಲ್ಲ, ಯಾವುದನ್ನೂ ಹೆಚ್ಚು ತೆಗೆದುಕೊಂಡಿಲ್ಲ. ಆದರೂ ಈ ಕ್ರಮದಲ್ಲಿ ನುಂಗಿದ ಆಸ್ಪಿರಿನ್ ಬಹುಮಟ್ಟಿಗೆ ವ್ಯರ್ಥವಾಗುತ್ತದೆ, ಹೊಟ್ಟೆಗೆ ಆಗುವ ಹಾನಿ ಮಾತ್ರ ಎರಡೂ ಮಾತ್ರೆಗಳಿಂದ ಕೂಡಿ ಬರುತ್ತದೆ.

ಎರಡೂ ಒಂದೇ ಕುಲದ ಔಷಧಗಳು. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ನ್ಯಾಪ್ರೊಕ್ಸೆನ್ ಕೂಡ ಅದೇ ಕುಲಕ್ಕೆ ಸೇರಿದವು. ಸ್ಟೆರಾಯ್ಡ್ ಅಲ್ಲದ ಉರಿಯೂತ ನಿವಾರಕಗಳು ಎಂದು ಇವಕ್ಕೆ ವೈದ್ಯಕೀಯದ ಹೆಸರು. ಜನರ ಬಾಯಲ್ಲಿ ಎಲ್ಲವೂ ನೋವಿನ ಮಾತ್ರೆಗಳೇ. ಇವು ಹೇಗೆ ಕೆಲಸ ಮಾಡುತ್ತವೆ ಎಂಬುದು ಆಸ್ಪಿರಿನ್ ಮಾರುಕಟ್ಟೆಗೆ ಬಂದು ಎಪ್ಪತ್ತು ವರ್ಷ ಕಳೆದರೂ ಗೊತ್ತಿರಲಿಲ್ಲ. ಜರ್ಮನಿಯ ಬಾಯರ್ ಕಂಪನಿ ಅದನ್ನು ಮಾರಲು ತೊಡಗಿದ್ದು 1899ರಲ್ಲಿ. ಲಂಡನ್ನಿನ ಜಾನ್ ವೇನ್ ಅದರ ಗುಟ್ಟನ್ನು ಬಿಡಿಸಿದ್ದು 1971ರಲ್ಲಿ. ಆ ಕೆಲಸಕ್ಕೆ 1982ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಿಕ್ಕಿತು.

ವೇನ್ ಕಂಡುಕೊಂಡದ್ದು ಇಷ್ಟು. ನಮ್ಮ ಜೀವಕೋಶಗಳ ಪೊರೆಯಲ್ಲಿ ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಇರುತ್ತದೆ. ಪೆಟ್ಟು ಬಿದ್ದಾಗ, ಸೋಂಕು ತಗುಲಿದಾಗ, ಅಥವಾ ದಿನನಿತ್ಯದ ಅಗತ್ಯಕ್ಕೂ ಅದು ಪೊರೆಯಿಂದ ಬಿಡುಗಡೆಯಾಗುತ್ತದೆ. ಸೈಕ್ಲೋಆಕ್ಸಿಜನೇಸ್, ಚಿಕ್ಕದಾಗಿ ಕಾಕ್ಸ್, ಎಂಬ ಕಿಣ್ವ ಅದನ್ನು ಹಿಡಿದು ಪ್ರೊಸ್ಟಾಗ್ಲಾಂಡಿನ್‌ಗಳ ಕಡೆಗೆ ತಿರುಗಿಸುತ್ತದೆ. ಊತ, ಜ್ವರ, ನೋವಿನ ತೀವ್ರತೆ ಇವೆಲ್ಲದರಲ್ಲೂ ಪ್ರೊಸ್ಟಾಗ್ಲಾಂಡಿನ್‌ಗಳ ಕೈವಾಡವಿದೆ. ಕಿಣ್ವವನ್ನು ತಡೆದರೆ ನೋವು ತಗ್ಗುತ್ತದೆ. ಈ ಕಿಣ್ವದಲ್ಲಿ ಎರಡು ಬಗೆ ಇವೆ ಎಂಬುದು 1990ರ ದಶಕದ ಆರಂಭಕ್ಕೆ ಖಚಿತವಾಯಿತು. ಉರಿಯೂತ ಎದ್ದಾಗ ಹೆಚ್ಚಾಗಿ ಹುಟ್ಟಿಕೊಳ್ಳುವುದು ಕಾಕ್ಸ್-2. ಜಠರದಲ್ಲಿ, ರಕ್ತದ ಪ್ಲೇಟ್‌ಲೆಟ್‌ಗಳಲ್ಲಿ ಸದಾ ಇರುವುದು ಕಾಕ್ಸ್-1. ಸಾಮಾನ್ಯ ನೋವಿನ ಮಾತ್ರೆಗಳು ಎರಡನ್ನೂ ತಡೆಯುತ್ತವೆ. ಹೊಟ್ಟೆಯ ತೊಂದರೆ, ಹೃದಯದ ರಕ್ಷಣೆ ಎರಡರ ಬೇರೂ ಇಲ್ಲೇ ಇದೆ.

ಈ ಕಿಣ್ವದ ಒಡಲಲ್ಲಿ ಒಂದು ಉದ್ದನೆಯ ಇಕ್ಕಟ್ಟಾದ ಸುರಂಗವಿದೆ. ಅರಾಕಿಡೋನಿಕ್ ಆಮ್ಲ ಅದರೊಳಗೆ ನುಸುಳಿ ಹೋದರೆ ಮಾತ್ರ ಮಾರ್ಪಾಟು ನಡೆಯುತ್ತದೆ. ಐಬುಪ್ರೊಫೆನ್ ಆ ಸುರಂಗದಲ್ಲಿ ಸ್ವಲ್ಪ ಹೊತ್ತು ಕೂರುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ; ಇಳಿದಂತೆ ಸುರಂಗವೂ ತೆರವಾಗುತ್ತದೆ. ಬೀಗಕ್ಕೆ ಹಾಕಿದ ತಪ್ಪು ಕೀಲಿಯನ್ನು ಮತ್ತೆ ಹೊರಗೆಳೆದ ಹಾಗೆ. ಆಸ್ಪಿರಿನ್ ಮಾಡುವುದು ಬೇರೆ. ಅದರ ರಾಸಾಯನಿಕ ಹೆಸರು ಅಸಿಟೈಲ್ ಸ್ಯಾಲಿಸಿಲಿಕ್ ಆಮ್ಲ. ಸುರಂಗದೊಳಗಿರುವ ಸೆರಿನ್ ಎಂಬ ಒಂದು ಅಮೈನೋ ಆಮ್ಲಕ್ಕೆ ಅದು ತನ್ನ ಅಸಿಟೈಲ್ ತುಂಡನ್ನು ರಾಸಾಯನಿಕವಾಗಿ ಬೆಸೆದು, ಉಳಿದ ಭಾಗದೊಂದಿಗೆ ಹೊರಟುಹೋಗುತ್ತದೆ. ಕೀಲಿ ಬೀಗದೊಳಗೇ ಮುರಿದಂತಾಯಿತು. ಆ ಕಿಣ್ವದ ಅಣು ಮತ್ತೆ ಕೆಲಸಕ್ಕೆ ಬರುವುದಿಲ್ಲ. 1975ರಲ್ಲಿ ಅಮೆರಿಕದ ಜೆರಾಲ್ಡ್ ರಾತ್ ಮತ್ತು ಫಿಲಿಪ್ ಮಜೇರಸ್ ಪ್ಲೇಟ್‌ಲೆಟ್‌ಗಳಲ್ಲಿ ಈ ಬೆಸುಗೆಯನ್ನು ತೋರಿಸಿಕೊಟ್ಟರು.

ಹಾಗಾದರೆ ಆಸ್ಪಿರಿನ್ ನುಂಗಿದವರ ಮೈಯಲ್ಲೆಲ್ಲ ಈ ಕಿಣ್ವ ಶಾಶ್ವತವಾಗಿ ನಿಂತುಹೋಗಬೇಕಲ್ಲ? ಹೋಗುವುದಿಲ್ಲ. ಬಹುತೇಕ ಜೀವಕೋಶಗಳಿಗೆ ನ್ಯೂಕ್ಲಿಯಸ್ ಇದೆ. ಅದರೊಳಗೆ ಕಿಣ್ವವನ್ನು ಕಟ್ಟುವ ಸೂಚನೆ ಇದೆ. ಹಳೆಯ ಕಿಣ್ವ ಕೆಟ್ಟರೆ ಕೆಲವೇ ಗಂಟೆಗಳಲ್ಲಿ ಹೊಸದನ್ನು ಕಟ್ಟಿಕೊಳ್ಳುತ್ತವೆ. ಆದ್ದರಿಂದಲೇ ತಲೆನೋವಿಗೋ ಜ್ವರಕ್ಕೋ ಆಸ್ಪಿರಿನ್ ತೆಗೆದುಕೊಂಡರೆ 300ರಿಂದ 600 ಮಿಲಿಗ್ರಾಂ ಬೇಕಾಗುತ್ತದೆ, ನಾಲ್ಕಾರು ಗಂಟೆಗಳಲ್ಲಿ ಅದರ ಗುಣ ಮುಗಿಯುತ್ತದೆ. ಪ್ಲೇಟ್‌ಲೆಟ್ ಮಾತ್ರ ಹಾಗಲ್ಲ. ಡೆಂಗ್ಯೂ ಬಂದಾಗ ಎಲ್ಲರೂ ಎಣಿಕೆ ಕೇಳುವ ಈ ಪ್ಲೇಟ್‌ಲೆಟ್, ಅಸ್ಥಿಮಜ್ಜೆಯ ದೊಡ್ಡ ಜೀವಕೋಶದಿಂದ ಕಳಚಿಕೊಂಡ ಚೂರು. ಅದಕ್ಕೆ ನ್ಯೂಕ್ಲಿಯಸ್ ಇಲ್ಲ. ಕೆಟ್ಟ ಕಿಣ್ವಕ್ಕೆ ಬದಲು ಕಟ್ಟಿಕೊಳ್ಳುವ ಸಾಮರ್ಥ್ಯ ಅದಕ್ಕೆ ಇಲ್ಲವೆಂದೇ ಹೇಳಬೇಕು. ಅದರ ಬಾಳು ಎಂಟು ಹತ್ತು ದಿನ. ಒಮ್ಮೆ ಆಸ್ಪಿರಿನ್ ತಗುಲಿದರೆ ಸಾಯುವವರೆಗೂ ಅದು ಹಾಗೆಯೇ ಇರುತ್ತದೆ.

ಪ್ಲೇಟ್‌ಲೆಟ್ ಆ ಕಿಣ್ವದಿಂದ ಮುಖ್ಯವಾಗಿ ತಯಾರಿಸುವುದು ಥ್ರಾಂಬಾಕ್ಸೇನ್ ಎಂಬ ವಸ್ತುವನ್ನು. ರಕ್ತನಾಳ ಹರಿದ ಕಡೆ ಸೇರಿದ ಪ್ಲೇಟ್‌ಲೆಟ್, ಥ್ರಾಂಬಾಕ್ಸೇನ್ ಹೊರಬಿಟ್ಟು ಸುತ್ತಲಿನ ಪ್ಲೇಟ್‌ಲೆಟ್‌ಗಳನ್ನು ಕರೆದು ಅಂಟಿಸಿಕೊಳ್ಳುತ್ತದೆ, ರಕ್ತ ನಿಲ್ಲುತ್ತದೆ. ಗಾಯಕ್ಕೆ ಇದು ಬೇಕು. ಆದರೆ ಹೃದಯದ ನಾಳದಲ್ಲಿ ಕೊಬ್ಬಿನ ಗಡ್ಡೆ ಬಿರಿದಾಗಲೂ ಇದೇ ನಡೆದು ನಾಳ ಮುಚ್ಚಿದರೆ ಹೃದಯಾಘಾತವಾಗುತ್ತದೆ.

75 ಮಿಲಿಗ್ರಾಂನಂಥ ಸಣ್ಣ ಪ್ರಮಾಣ ಸಾಕಾಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಕರುಳಿನಿಂದ ಹೀರಿಕೊಂಡ ಆಸ್ಪಿರಿನ್ ಮೊದಲು ಯಕೃತ್ತಿಗೆ ಹೋಗುವ ರಕ್ತನಾಳವನ್ನು ಸೇರುತ್ತದೆ. ಅಲ್ಲಿ ಹಾದುಹೋಗುವ ಪ್ಲೇಟ್‌ಲೆಟ್‌ಗಳಿಗೆ ಅದು ದಟ್ಟವಾಗಿ ಸಿಗುತ್ತದೆ. ಯಕೃತ್ತು ದಾಟುವಷ್ಟರಲ್ಲಿ ಸುಮಾರು ಅರ್ಧ ಭಾಗ ಅಸಿಟೈಲ್ ಕಳೆದುಕೊಂಡಿರುತ್ತದೆ. ಉಳಿದದ್ದೂ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ದಿನದಲ್ಲಿ ಒಂದೆರಡು ಗಂಟೆ ಮಾತ್ರ ರಕ್ತದಲ್ಲಿದ್ದು ಇಡೀ ದಿನಕ್ಕೆ ಕೆಲಸ ಮಾಡಿ ಹೋಗುವ ಔಷಧ ಇದು. ಅಸ್ಥಿಮಜ್ಜೆ ದಿನಕ್ಕೆ ಹತ್ತನೇ ಒಂದು ಭಾಗದಷ್ಟು ಹೊಸ ಪ್ಲೇಟ್‌ಲೆಟ್ ಸೇರಿಸುತ್ತದೆ. ಮರುದಿನದ ಮಾತ್ರೆ ಅವನ್ನೂ ಸೇರಿಸಿಕೊಳ್ಳುತ್ತದೆ. ಹೃದಯಕ್ಕೆ ರಕ್ಷಣೆ ಸಿಗಬೇಕಾದರೆ ಥ್ರಾಂಬಾಕ್ಸೇನ್ ತಯಾರಿಕೆ ಶೇಕಡಾ 95ಕ್ಕಿಂತ ಹೆಚ್ಚು ತಗ್ಗಬೇಕು, ಅದೂ ಎಡೆಬಿಡದೆ. ಬಂದು ಹೋಗುವ ಐಬುಪ್ರೊಫೆನ್‌ನಿಂದ ಅದು ಸಾಧ್ಯವಿಲ್ಲ.

ಈಗ ನಮ್ಮ ಹಿರಿಯರ ಬೆಳಗನ್ನು ಗಡಿಯಾರ ಹಿಡಿದು ನೋಡೋಣ. ಏಳಕ್ಕೆ ನುಂಗಿದ ಐಬುಪ್ರೊಫೆನ್ ಎಂಟೂವರೆ ಒಂಬತ್ತರ ಹೊತ್ತಿಗೆ ರಕ್ತದಲ್ಲಿ ತುಂಬಿ, ಪ್ಲೇಟ್‌ಲೆಟ್‌ಗಳ ಸುರಂಗಗಳನ್ನು ಆಕ್ರಮಿಸಿದೆ. ಒಂಬತ್ತರ ಆಸ್ಪಿರಿನ್ ಬಂದಾಗ ಸೆರಿನ್ ಇರುವ ಜಾಗಕ್ಕೆ ದಾರಿಯಿಲ್ಲ. ಐಬುಪ್ರೊಫೆನ್ ತೆರವು ಮಾಡುವ ಮಧ್ಯಾಹ್ನದ ಹೊತ್ತಿಗೆ ಆಸ್ಪಿರಿನ್ ಮುಗಿದುಹೋಗಿದೆ. ಅಲ್ಲಿಂದ ಮರುದಿನದವರೆಗೆ ಬಹಳಷ್ಟು ಪ್ಲೇಟ್‌ಲೆಟ್‌ಗಳು ಥ್ರಾಂಬಾಕ್ಸೇನ್ ತಯಾರಿಸಲು ಸ್ವತಂತ್ರ. ಇದನ್ನು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಳೆದು ತೋರಿಸಿತು. ಡೈಕ್ಲೋಫೆನಾಕ್‌ನಲ್ಲಿ ಈ ಅಡ್ಡಿ ಕಾಣಲಿಲ್ಲ. ಆದರೆ ಅದಕ್ಕೇ ಹೃದಯಾಘಾತದ ಅಪಾಯ ಹೆಚ್ಚಿಸುವ ಗುಣವಿರುವುದರಿಂದ ಸ್ಟೆಂಟ್ ಇರುವವರಿಗೆ ಅದೂ ಒಳ್ಳೆಯ ಬದಲಿಯಲ್ಲ.

ಆಸ್ಪಿರಿನ್ ಮೊದಲು, ಅರ್ಧ ಗಂಟೆ ಬಿಟ್ಟು ಐಬುಪ್ರೊಫೆನ್ ಎಂಬುದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಕೊಟ್ಟ ಸಲಹೆ. ಅದು ಬೇಗ ಕರಗುವ ಮಾತ್ರೆಗೆ, ಅಪರೂಪಕ್ಕೆ ನುಂಗುವ ಐಬುಪ್ರೊಫೆನ್‌ಗೆ ಸಲ್ಲುವ ಮಾತು. ನಮ್ಮಲ್ಲಿ ಸಿಗುವ 75 ಮಿಲಿಗ್ರಾಂ ಮಾತ್ರೆಗಳಲ್ಲಿ ಅನೇಕವು ಕರುಳಿಗೆ ಹೋಗಿ ಕರಗುವ ಹೊದಿಕೆಯವು. ಅವು ಯಾವಾಗ ರಕ್ತ ಸೇರುತ್ತವೆ ಎಂದು ನಿಖರವಾಗಿ ಹೇಳಲಾಗದು. ಐಬುಪ್ರೊಫೆನ್ ದಿನಕ್ಕೆ ಮೂರು ಸಲ ತೆಗೆದುಕೊಂಡರಂತೂ ಕ್ರಮ ಬದಲಿಸಿಯೂ ಪ್ರಯೋಜನವಿಲ್ಲ. ಆಸ್ಪಿರಿನ್ ಮೇಲಿರುವವರ ಮಂಡಿನೋವಿಗೆ ವೈದ್ಯರು ಮೊದಲು ಪ್ಯಾರಾಸಿಟಮಾಲನ್ನೋ ಹಚ್ಚುವ ಜೆಲ್ ಅನ್ನೋ ನೋಡುವುದು ಇದಕ್ಕೇ.

ಇನ್ನು ಹೊಟ್ಟೆಯ ವಿಷಯ. ಊಟವಾದ ಮೇಲೆ ನುಂಗಿದರೆ ಏನೂ ಆಗದು ಎಂಬ ನಂಬಿಕೆ ಬಲವಾಗಿದೆ. ಅದು ಅರ್ಧ ನಿಜ, ಅದನ್ನು ಪೂರ್ತಿ ನಂಬಿದವರೇ ಆಸ್ಪತ್ರೆ ಸೇರುತ್ತಾರೆ. ಜಠರದಲ್ಲಿರುವ ಆಮ್ಲ ಜಠರವನ್ನೇ ಕರಗಿಸದೆ ಇರುವುದು ಪ್ರೊಸ್ಟಾಗ್ಲಾಂಡಿನ್‌ಗಳಿಂದ. ಒಳಗೋಡೆಗೆ ಲೋಳೆಯ ಪದರ ಹಾಸುವುದು, ಆಮ್ಲವನ್ನು ತಣಿಸುವ ಬೈಕಾರ್ಬನೇಟ್ ಸುರಿಸುವುದು, ಗೋಡೆಗೆ ರಕ್ತ ಹರಿಸಿ ಗಾಯ ಮಾಯಿಸುವುದು ಎಲ್ಲವೂ ಅವುಗಳ ನಿರ್ದೇಶನದಲ್ಲಿ ನಡೆಯುತ್ತದೆ. ಅವನ್ನು ತಯಾರಿಸುವ ಕಿಣ್ವವನ್ನೇ ಮಾತ್ರೆ ರಕ್ತದ ಮೂಲಕ ಬಂದು ತಡೆಯುತ್ತದೆ. ಮಾತ್ರೆ ನೇರವಾಗಿ ಗೋಡೆಗೆ ತಾಗಿ ಆಗುವ ಉರಿಯನ್ನು ಅನ್ನ ಕಡಿಮೆ ಮಾಡಬಹುದು. ಒಳಗಿನಿಂದ ಬರುವ ಈ ಪೆಟ್ಟನ್ನು ತಡೆಯಲಾರದು. ಹೊದಿಕೆಯ ಮಾತ್ರೆಯಿಂದಲೂ, ಸೊಂಟಕ್ಕೆ ಚುಚ್ಚಿದ ಡೈಕ್ಲೋಫೆನಾಕ್ ಇಂಜೆಕ್ಷನ್‌ನಿಂದಲೂ ಹುಣ್ಣಾಗಬಹುದು.

ಆಸ್ಪಿರಿನ್‌ನಿಂದ ಆಗುವ ತೊಂದರೆ ಎರಡು ಪಟ್ಟು. ಹುಣ್ಣಿಗೂ ಅದೇ ಕಾರಣ, ಹುಣ್ಣಿನ ರಕ್ತ ಬೇಗ ನಿಲ್ಲದಿರುವುದಕ್ಕೂ ಅದೇ ಕಾರಣ. ನೋವು ತಗ್ಗಿಸುವ ಮಾತ್ರೆಗಳಾದ್ದರಿಂದ ಹುಣ್ಣಿನ ನೋವೂ ಗೊತ್ತಾಗದೆ ಹೋಗಬಹುದು. ಕೆಲವರಿಗೆ ಮೊದಲ ಸೂಚನೆಯೇ ರಕ್ತಸ್ರಾವ. ಮಲ ಡಾಂಬರಿನಂತೆ ಕಪ್ಪಾಗಿ, ಜಿಗುಟಾಗಿ, ಕೆಟ್ಟ ವಾಸನೆಯಿಂದ ಬಂದರೆ ಅದು ಜಠರದಲ್ಲಿ ಸೋರಿ ಜೀರ್ಣವಾದ ರಕ್ತ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಈ ಜಿಗುಟು ವಾಸನೆ ಇರುವುದಿಲ್ಲ. ಏದುಸಿರು, ಎದ್ದು ನಿಂತಾಗ ಕಣ್ಣು ಕತ್ತಲೆ, ಕಾಫಿ ಚರಟದಂಥ ವಾಂತಿ ಜೊತೆಗಿದ್ದರೆ ಆಗಲೇ ಆಸ್ಪತ್ರೆಗೆ ಹೋಗಬೇಕು. ವಯಸ್ಸು 65 ದಾಟಿದವರಿಗೆ, ಹಿಂದೆ ಅಲ್ಸರ್ ಆದವರಿಗೆ, ಸ್ಟೆರಾಯ್ಡ್ ಅಥವಾ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಅಪಾಯ ಹೆಚ್ಚು. ಒಂದೇ ಕುಲದ ಎರಡು ಮಾತ್ರೆ ನುಂಗುವವರೂ ಇದೇ ಸಾಲಿಗೆ ಬರುತ್ತಾರೆ. ಅಂಥವರಿಗೆ ವೈದ್ಯರು ಪ್ಯಾಂಟೊಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆ ಜೊತೆಗೆ ಕೊಡುತ್ತಾರೆ.

ಹೊಟ್ಟೆಯನ್ನು ಉಳಿಸಲು ಕಾಕ್ಸ್-2ನ್ನು ಮಾತ್ರ ತಡೆಯುವ ಮಾತ್ರೆಗಳೂ ಬಂದವು. ರೋಫೆಕಾಕ್ಸಿಬ್ ಅವುಗಳಲ್ಲಿ ಪ್ರಸಿದ್ಧ. ಹೊಟ್ಟೆಯ ಹುಣ್ಣು ಕಡಿಮೆಯಾಯಿತು, ಹೃದಯಾಘಾತ ಹೆಚ್ಚಾಯಿತು. 2004ರಲ್ಲಿ ಅದನ್ನು ಜಗತ್ತಿನಾದ್ಯಂತ ಹಿಂತೆಗೆದರು. ರಕ್ತನಾಳದ ಗೋಡೆ ಕಾಕ್ಸ್-2ರಿಂದ ತಯಾರಿಸುವ ಪ್ರೊಸ್ಟಾಸೈಕ್ಲಿನ್, ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳದಂತೆ ತಡೆಯುತ್ತಿರುತ್ತದೆ. ಮಾತ್ರೆ ಆ ರಕ್ಷಣೆಯನ್ನು ಕಿತ್ತುಕೊಂಡು ಥ್ರಾಂಬಾಕ್ಸೇನ್ ಅನ್ನು ಮುಟ್ಟದೆ ಬಿಟ್ಟಿತ್ತು.

ಹಾಗೆಂದು ಆಸ್ಪಿರಿನ್‌ಗೆ ಹೆದರಿ ಬಿಡುವಂತಿಲ್ಲ. 1988ರಲ್ಲಿ ಪ್ರಕಟವಾದ ಐಸಿಸ್-2 ಎಂಬ ಪ್ರಯೋಗದಲ್ಲಿ ಹೃದಯಾಘಾತದ ಶಂಕೆಯ 17,187 ರೋಗಿಗಳಿದ್ದರು. ದಿನಕ್ಕೆ 160 ಮಿಲಿಗ್ರಾಂ ಆಸ್ಪಿರಿನ್ ಪಡೆದವರಲ್ಲಿ ಐದು ವಾರದೊಳಗೆ ಹೃದಯ ಮತ್ತು ರಕ್ತನಾಳದ ಕಾರಣಕ್ಕೆ ಸತ್ತವರು ಶೇಕಡಾ 9.4, ಪಡೆಯದವರಲ್ಲಿ ಶೇಕಡಾ 11.8. ಆರೋಗ್ಯವಾಗಿರುವವರ ಲೆಕ್ಕ ಬೇರೆ. 2018ರ ಆಸ್ಪ್ರೀ ಅಧ್ಯಯನ ಹೃದ್ರೋಗವಿಲ್ಲದ, ಹೆಚ್ಚಿನವರು 70 ದಾಟಿದ, ಸುಮಾರು 19,000 ಜನರಿಗೆ ನಡೆಯಿತು. 100 ಮಿಲಿಗ್ರಾಂ ಆಸ್ಪಿರಿನ್‌ನಿಂದ ಅವರಿಗೆ ಹೃದಯದ ಲಾಭ ಸಿಗಲಿಲ್ಲ, ತೀವ್ರ ರಕ್ತಸ್ರಾವ ಮಾತ್ರ ಹೆಚ್ಚಾಯಿತು. ನೆರೆಮನೆಯವರು ನುಂಗುತ್ತಾರೆಂದು ನಾವೂ ನುಂಗುವ ಮಾತ್ರೆ ಇದಲ್ಲ. ಡೆಂಗ್ಯೂ ಶಂಕೆ ಇರುವ ಜ್ವರಕ್ಕೆ ಈ ಕುಲದ ಯಾವ ಮಾತ್ರೆಯೂ ಬೇಡ, ಪ್ಯಾರಾಸಿಟಮಾಲ್ ಸಾಕು.

ಹಲ್ಲು ಕೀಳಿಸಬೇಕೆಂದು ಕೆಲವರು ತಾವೇ ನಾಲ್ಕೈದು ದಿನ ಆಸ್ಪಿರಿನ್ ಬಿಟ್ಟುಬಿಡುತ್ತಾರೆ. ದಿನಕ್ಕೆ ಹತ್ತನೇ ಒಂದು ಭಾಗದ ಲೆಕ್ಕ ಹಿಡಿದರೆ ಅಷ್ಟರಲ್ಲಿ ಅರ್ಧದಷ್ಟು ಪ್ಲೇಟ್‌ಲೆಟ್‌ಗಳು ಹೊಸವಾಗಿರುತ್ತವೆ. ರಕ್ತ ಹೆಪ್ಪುಗಟ್ಟಲು ಅಷ್ಟು ಧಾರಾಳವಾಗಿ ಸಾಕು, ಸ್ಟೆಂಟಿನೊಳಗೂ. ಹಲ್ಲು ಕಿತ್ತ ಜಾಗದ ರಕ್ತವನ್ನು ದಂತವೈದ್ಯರು ಹತ್ತಿ ಒತ್ತಿಯೋ ಹೊಲಿಗೆ ಹಾಕಿಯೋ ನಿಲ್ಲಿಸಬಲ್ಲರು, ಆದ್ದರಿಂದ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವ ಅಗತ್ಯವೇ ಬೀಳುವುದಿಲ್ಲ. ದೊಡ್ಡ ಶಸ್ತ್ರಚಿಕಿತ್ಸೆಗೆ ನಿಲ್ಲಿಸಬೇಕೇ, ಎಷ್ಟು ದಿನ ಎಂಬುದನ್ನು ಸ್ಟೆಂಟ್ ಹಾಕಿದ ವೈದ್ಯರೂ ಶಸ್ತ್ರಚಿಕಿತ್ಸಕರೂ ಸೇರಿ ನಿರ್ಧರಿಸಬೇಕು.