ಮೂರು ಬಿಂದು, ಒಂದೇ ವೃತ್ತ

ಉತ್ಖನನದಲ್ಲಿ ಮಡಕೆಯ ಬಾಯಂಚಿನ ಒಂದು ಚೂರು ಸಿಕ್ಕಿದೆ ಎನ್ನಿ. ಇಡೀ ಬಾಯಿ ಎಷ್ಟು ಅಗಲವಿತ್ತೆಂದು ತಿಳಿಯಲು ಆ ಅಂಚಿನ ಮೇಲಿನ ಮೂರು ಬಿಂದುಗಳು ಸಾಕು. ಎರಡು ಬಿಂದುಗಳ ಮೂಲಕ ಲೆಕ್ಕವಿಲ್ಲದಷ್ಟು ವೃತ್ತಗಳು ಹಾಯುತ್ತವೆ. ಆದರೆ ಒಂದೇ ಸರಳರೇಖೆಯಲ್ಲಿರದ ಮೂರು ಬಿಂದುಗಳ ಮೂಲಕ ಹಾಯುವುದು ಒಂದೇ ವೃತ್ತ.

ಪಿಯುಸಿ ಗಣಿತ ಓದಿದವರಿಗೆ ವೃತ್ತದ ಸಮೀಕರಣ ನೆನಪಿರಬಹುದು:

x² + y² + 2gx + 2fy + c = 0

ಇಲ್ಲಿ ಗೊತ್ತಿಲ್ಲದವು g, f, c ಮೂರೇ. ಒಂದೊಂದು ಬಿಂದುವೂ ಒಂದೊಂದು ಸಮೀಕರಣ ಕೊಡುತ್ತದೆ. (5, 7), (–2, 6), (2, –2) ಎಂಬ ಬಿಂದುಗಳನ್ನು ಆದೇಶಿಸಿ ನೋಡೋಣ:

74 + 10g + 14f + c = 0
40 – 4g + 12f + c = 0
8 + 4g – 4f + c = 0

ಮೊದಲನೆಯದರಿಂದ ಎರಡನೆಯದನ್ನು ಕಳೆದರೆ c ಹೋಗಿ 7g + f = –17 ಉಳಿಯುತ್ತದೆ. ಎರಡನೆಯದರಿಂದ ಮೂರನೆಯದನ್ನು ಕಳೆದರೆ g – 2f = 4. ಇವೆರಡನ್ನು ಬಿಡಿಸಿದಾಗ g = –2, f = –3; ಆಮೇಲೆ c = –12. ಕೇಂದ್ರ (–g, –f) ಆದ್ದರಿಂದ ಅದು (2, 3). ಈ ಚಿಹ್ನೆ ಬದಲಿಸಲು ಮರೆಯುವುದೇ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪು. ತ್ರಿಜ್ಯದ ವರ್ಗ g² + f² – c, ಅಂದರೆ 4 + 9 + 12 = 25; ತ್ರಿಜ್ಯ 5. (2, 3)ರಿಂದ ಮೂರೂ ಬಿಂದುಗಳು 5 ಮಾನ ದೂರದಲ್ಲಿದ್ದರೆ ಲೆಕ್ಕ ಸರಿ.

ಹಾಗೆ ಕಳೆದಾಗ ಆದದ್ದೇನು? ಉಳಿದ ಎರಡು ಸಮೀಕರಣಗಳು ಹೇಳುವುದಿಷ್ಟೇ: ಎರಡೆರಡು ಬಿಂದುಗಳನ್ನು ಸೇರಿಸುವ ಜ್ಯಾಗಳ ಲಂಬ ಸಮದ್ವಿಭಾಜಕಗಳ ಮೇಲೆ ಕೇಂದ್ರವಿದೆ. ಯೂಕ್ಲಿಡ್ ತನ್ನ ನಾಲ್ಕನೆಯ ಪುಸ್ತಕದಲ್ಲಿ ತ್ರಿಭುಜಕ್ಕೆ ಪರಿವೃತ್ತ ಎಳೆದದ್ದೂ ಈ ದಾರಿಯಲ್ಲೇ. ಅವನು ಕೈವಾರ ಹಿಡಿದು ಮಾಡಿದ್ದನ್ನೇ ನಾವು ಬೀಜಗಣಿತದಲ್ಲಿ ಮಾಡುತ್ತೇವೆ.

ಬಿಂದುಗಳು ಒಂದೇ ರೇಖೆಯಲ್ಲಿದ್ದರೆ ಆ ಲಂಬಗಳು ಸಮಾಂತರವಾಗಿ ಎಲ್ಲೂ ಕೂಡುವುದಿಲ್ಲ. (1, 1), (2, 2), (4, 4) ತೆಗೆದುಕೊಂಡರೆ ಒಂದು ಕಡೆ g + f = –3, ಇನ್ನೊಂದು ಕಡೆ g + f = –6 ಬರುತ್ತದೆ. ಹೀಗೆ ವಿರೋಧ ಬಂದರೆ ವೃತ್ತವೇ ಇಲ್ಲವೆಂದು ತಿಳಿಯಬೇಕು.

ಬಿಂದುಗಳು ಬಹುಮಟ್ಟಿಗೆ ಒಂದೇ ಸಾಲಿನಲ್ಲಿದ್ದಾಗ ಅಪಾಯ ಬೇರೆ ರೀತಿಯದು. 10 ಸೆಂ.ಮೀ. ಉದ್ದದ ಜ್ಯಾದ ನಡುವೆ ಅಂಚು 1 ಸೆಂ.ಮೀ. ಉಬ್ಬಿದ್ದರೆ ತ್ರಿಜ್ಯ 13 ಸೆಂ.ಮೀ. ಆ ಉಬ್ಬನ್ನು 0.9 ಎಂದು ಅಳೆದರೆ ತ್ರಿಜ್ಯ 14.3ಕ್ಕೆ ಏರುತ್ತದೆ. ಅದೇ ಜ್ಯಾದ ಮೇಲೆ ಅಂಚು ಅರ್ಧವೃತ್ತವಾಗಿದ್ದು ಉಬ್ಬು 5 ಸೆಂ.ಮೀ. ಇದ್ದಾಗ, ಅಷ್ಟೇ ತಪ್ಪಿಗೆ ತ್ರಿಜ್ಯ 5ರಿಂದ 5.001 ಆಗುತ್ತದೆ, ಅಷ್ಟೇ. ಆದ್ದರಿಂದ ಅಳತೆಯಿಂದ ವೃತ್ತ ಕಂಡುಹಿಡಿಯುವಾಗ ಮೂರು ಬಿಂದುಗಳನ್ನು ಅಂಚಿನ ಮೇಲೆ ಸಾಧ್ಯವಾದಷ್ಟು ದೂರದೂರ ಆರಿಸಿಕೊಳ್ಳಿ.