ಕತೇರಿನಾಗೆ ಎಷ್ಟು ಹೆಸರು?

ರಷ್ಯನ್ ಕಾದಂಬರಿಯನ್ನು ಕೈಗೆತ್ತಿಕೊಂಡ ಕನ್ನಡದ ಓದುಗರು ಮೊದಲ ಕೆಲವು ಅಧ್ಯಾಯ ಮುಗಿಸುವಷ್ಟರಲ್ಲಿ ಒಂದು ದೂರು ಹೇಳಿಯೇ ಹೇಳುತ್ತಾರೆ: ಹೆಸರುಗಳದ್ದೇ ದೊಡ್ಡ ಗೋಜಲು. ಈಗಷ್ಟೇ ದ್ಮಿತ್ರಿ ಆಗಿದ್ದವನು ಮುಂದಿನ ಪುಟದಲ್ಲಿ ಮೀತ್ಯಾ, ಅದರಾಚೆ ಮೀತೆಂಕಾ, ಇನ್ನೊಬ್ಬರ ಬಾಯಲ್ಲಿ ಮೀತ್ಕಾ. ನಾಲ್ಕು ಜನ ಇದ್ದಾರೆಂದುಕೊಂಡರೆ ಇರುವವನು ಒಬ್ಬನೇ. ರಷ್ಯನ್ನರಿಗೆ ಇಲ್ಲಿ ಯಾವ ಗೋಜಲೂ ಇಲ್ಲ. ಹೆಸರಿನ ಬಾಲವನ್ನು ಕೇಳಿದರೆ ಸಾಕು, ಕರೆದವರು ಯಾರು, ಯಾವ ಸಲುಗೆಯಲ್ಲಿ ಕರೆದರು, ಪ್ರೀತಿಯಿಂದಲೋ ಕೋಪದಿಂದಲೋ ಎಂಬುದೆಲ್ಲ ಅವರಿಗೆ ತಿಳಿದುಬಿಡುತ್ತದೆ.

ಕತೇರಿನಾ ಎಂಬ ಒಂದೇ ಹೆಸರನ್ನು ಹಿಡಿದು ನೋಡೋಣ. ಕಾಗದಪತ್ರದಲ್ಲಿ ಅವಳು ಎಕತೇರಿನಾ ಅಥವಾ ಕತೇರಿನಾ. ಮನೆಯಲ್ಲಿ, ಗೆಳತಿಯರ ನಡುವೆ ಕಾತ್ಯಾ. ಇದು ಮೊಟಕು ಹೆಸರು ಅಷ್ಟೇ, ಇದರಲ್ಲಿ ವಿಶೇಷ ಮುದ್ದೇನೂ ಇಲ್ಲ. ಕೃಷ್ಣಮೂರ್ತಿ ಮನೆಯಲ್ಲಿ ಕಿಟ್ಟಿ ಆಗುವಂತೆ. ಈ ಮೊಟಕು ಹೆಸರಿಗೆ ಪ್ರತ್ಯಯಗಳು ಸೇರತೊಡಗಿದಾಗ ನಿಜವಾದ ಆಟ ಶುರುವಾಗುತ್ತದೆ. ‘ಎಂಕಾ’ ಸೇರಿದರೆ ಕಾತೆಂಕಾ: ಅದು ತಾಯಿಯ ಮಡಿಲಿನ ದನಿ. ‘ಯೂಶಾ’ ಸೇರಿದರೆ ಕತ್ಯೂಶಾ: ಮುದ್ದು ಇದೆ, ಆದರೆ ತುಸು ಹಳ್ಳಿಯ, ಜನಸಾಮಾನ್ಯರ ಮುದ್ದು. ಬರೀ ‘ಕಾ’ ಸೇರಿದರೆ ಕಾತ್ಕಾ. ಇದು ಎರಡಲಗಿನ ರೂಪ. ಒಡಹುಟ್ಟಿದವರು, ಶಾಲೆಯ ಗೆಳೆಯರು ಕರೆದರೆ ಸಲುಗೆ. ಒಡತಿ ಕೆಲಸದವಳನ್ನು ಹಾಗೆ ಕರೆದರೆ ತಾತ್ಸಾರ.

ಟಾಲ್‌ಸ್ಟಾಯ್ 1899ರಲ್ಲಿ ಪ್ರಕಟಿಸಿದ ‘ಪುನರುತ್ಥಾನ’ ಕಾದಂಬರಿಯ ನಾಯಕಿಯ ಬದುಕನ್ನೇ ಈ ಪ್ರತ್ಯಯಗಳ ಮೇಲೆ ನಿಲ್ಲಿಸಿದ್ದಾರೆ ಎಂದರೆ ತಪ್ಪಾಗದು. ಕತೇರಿನಾ ಮಾಸ್ಲೊವಾ ಮದುವೆಯಾಗದ ಆಳು ಹೆಂಗಸಿನ ಮಗಳು. ಜಮೀನಿನ ಒಡತಿಯರಾದ ಇಬ್ಬರು ಅವಿವಾಹಿತ ಅಕ್ಕತಂಗಿಯರ ಮನೆಯಲ್ಲಿ ಬೆಳೆಯುತ್ತಾಳೆ. ತಂಗಿ ಸೋಫ್ಯಾ ಇವಾನೊವ್ನಾ ಮೆದು ಮನಸ್ಸಿನವಳು. ಹುಡುಗಿಗೆ ಚೆಂದದ ಬಟ್ಟೆ ಹಾಕಿ, ಓದು ಕಲಿಸಿ ಸಾಕುಮಗಳಂತೆ ಬೆಳೆಸುವ ಆಸೆ ಅವಳದು. ಅಕ್ಕ ಮಾರ್ಯಾ ಇವಾನೊವ್ನಾ ಬಿಗಿ. ಹುಡುಗಿ ಒಳ್ಳೆಯ ಕೆಲಸದವಳಾಗಲಿ ಎನ್ನುವವಳು. ಹೀಗೆ ಎರಡು ಕೈಗಳ ನಡುವೆ ಬೆಳೆದ ಹುಡುಗಿ ಅರ್ಧ ಮಗಳು, ಅರ್ಧ ಆಳು ಆಗುತ್ತಾಳೆ. ಅದಕ್ಕೇ ಮನೆಯವರ ಬಾಯಲ್ಲಿ ಅವಳಿಗೆ ಕೀಳಾದ ಕಾತ್ಕಾವೂ ಸಲ್ಲಲಿಲ್ಲ, ಮೇಲಿನ ಕಾತೆಂಕಾವೂ ಸಲ್ಲಲಿಲ್ಲ. ನಡುವಿನ ಕತ್ಯೂಶಾ ನಿಂತಿತು ಎಂದು ಟಾಲ್‌ಸ್ಟಾಯ್ ಸ್ವತಃ ಬರೆಯುತ್ತಾರೆ.

ರಷ್ಯನ್ ಓದುಗರಿಗೆ ಮೂರು ಹೆಸರು ಹೇಳಿದರೆ ಸಾಕಿತ್ತು. ಇಂಗ್ಲಿಷ್‌ಗೆ ತಂದ ಲೂಯಿಸ್ ಮೋಡ್ ಅವರಿಗೆ ಅಷ್ಟು ಸಾಲಲಿಲ್ಲ. ಕತ್ಯೂಶಾ ಎಂಬುದು ಒಂದಕ್ಕಿಂತ ಕಡಿಮೆ ನಾಜೂಕಿನದು, ಇನ್ನೊಂದರಷ್ಟು ಒರಟಲ್ಲ ಎಂಬ ವಿವರಣೆಯನ್ನು ಅವರು ಆ ವಾಕ್ಯದೊಳಗೇ ಸೇರಿಸಿದರು. ನನ್ನ ಮಟ್ಟಿಗೆ ಅದು ಸರಿಯಾದ ನಿರ್ಧಾರ. ಅಡಿಟಿಪ್ಪಣಿ ಓದುವವರು ಕಡಿಮೆ. ಇಲ್ಲಿ ತಪ್ಪಿಹೋದ ಅರ್ಥ ಮುಂದೆ ಇಡೀ ಕಾದಂಬರಿಯಲ್ಲಿ ಮತ್ತೆ ಸಿಗುವುದಿಲ್ಲ.

ಏಕೆಂದರೆ ಮುಂದೆ ಆಗುವುದೆಲ್ಲ ಹೆಸರಿನಲ್ಲೇ ಕಾಣುತ್ತದೆ. ಒಡತಿಯರ ಸೋದರಳಿಯ, ಶ್ರೀಮಂತ ತರುಣ ನೆಹ್ಲ್ಯೂದೊವ್ ಅವಳನ್ನು ಕೆಡಿಸಿ, ಕೈಗೆ ನೂರು ರೂಬಲ್ ತುರುಕಿ ಹೊರಟುಹೋಗುತ್ತಾನೆ. ಅವಳು ಬಸುರಿಯಾಗಿ ಮನೆ ಬಿಡುತ್ತಾಳೆ, ಕೊನೆಗೆ ವೇಶ್ಯಾಗೃಹ ಸೇರುತ್ತಾಳೆ. ಅಲ್ಲಿ ಅವಳ ಹೆಸರೇ ಬೇರೆ: ಲ್ಯುಬೊವ್, ಕರೆಯುವಾಗ ಲ್ಯೂಬ್ಕಾ. ವರ್ಷಗಳ ಮೇಲೆ ಕೊಲೆ ಆರೋಪ ಹೊತ್ತು ನ್ಯಾಯಾಲಯದಲ್ಲಿ ನಿಂತಾಗ ಹೆಸರು ಕೇಳಿದ್ದಕ್ಕೆ ಅವಳು ಮೊದಲು ಕೊಡುವುದು ಆ ಹೆಸರನ್ನೇ. ನ್ಯಾಯದರ್ಶಿಗಳ ಸಾಲಿನಲ್ಲಿ ಕೂತಿದ್ದ ನೆಹ್ಲ್ಯೂದೊವ್‌ಗೆ ಅವಳು ಯಾರೆಂದು ಖಚಿತವಾಗುವುದು ಹಳೆಯ ಹೆಸರು ಹೊರಬಿದ್ದ ಮೇಲೆ. ಲೇಖಕರೂ ಕೋರ್ಟು, ಜೈಲಿನ ಭಾಗಗಳಲ್ಲಿ ಅವಳನ್ನು ಹೆಚ್ಚಾಗಿ ಮಾಸ್ಲೊವಾ ಎನ್ನುತ್ತಾರೆ. ಅವನ ನೆನಪು ಹಿಂದಕ್ಕೆ ಹೋದಾಗ ಮಾತ್ರ ಅವಳು ಮತ್ತೆ ಕತ್ಯೂಶಾ. ಅನುವಾದಕರು ಓದುಗರಿಗೆ ಸುಲಭವಾಗಲಿ ಎಂದು ಎಲ್ಲ ಕಡೆಯೂ ಒಂದೇ ಹೆಸರು ಹಾಕಿಬಿಟ್ಟರೆ ಈ ಬಿರುಕು ಮುಚ್ಚಿಹೋಗುತ್ತದೆ.

ಜೈಲಿನಲ್ಲಿ ಅವಳನ್ನು ನೋಡಲು ಹೋದ ನೆಹ್ಲ್ಯೂದೊವ್ ಮೊದಲ ವಾಕ್ಯದಲ್ಲೇ ತಡವರಿಸುತ್ತಾನೆ. ನಿನ್ನನ್ನು ನೋಡಬೇಕಿತ್ತು ಅನ್ನಬೇಕೋ ನಿಮ್ಮನ್ನು ಅನ್ನಬೇಕೋ ತಿಳಿಯದೆ, ಕೊನೆಗೆ ‘ನಿಮ್ಮನ್ನು’ ಎಂದೇ ಹೇಳುತ್ತಾನೆ. ಇಂಗ್ಲಿಷ್‌ನಲ್ಲಿ ಇಂದು ಎರಡಕ್ಕೂ ಇರುವುದು ‘ಯೂ’ ಒಂದೇ. ಆ ತಡವರಿಕೆಯನ್ನು ತೋರಿಸಲು ಹಳೆಯ ಬೈಬಲ್ ಭಾಷೆಯ ಸರ್ವನಾಮವನ್ನು ಹುಡುಕಿ ತರಬೇಕು. ಕನ್ನಡಕ್ಕೆ ಇಲ್ಲಿ ಯಾವ ಕಷ್ಟವೂ ಇಲ್ಲ, ಒಂದು ವಿವರಣೆಯೂ ಬೇಡ. ಬಹಳ ವರ್ಷಗಳ ನಂತರ ಎದುರಾದ ಹೆಣ್ಣನ್ನು ಏಕವಚನದಲ್ಲಿ ಕರೆಯುವ ಹಕ್ಕು ತನಗೆ ಉಳಿದಿದೆಯೇ ಎಂಬ ಪ್ರಶ್ನೆ ನಮ್ಮ ಓದುಗರಿಗೆ ತಾನಾಗಿಯೇ ತಟ್ಟುತ್ತದೆ.

ಸೈಬೀರಿಯಾದ ದಾರಿಯಲ್ಲಿ ಸಿಮೊನ್ಸನ್ ಎಂಬ ರಾಜಕೀಯ ಕೈದಿ ಅವಳನ್ನು ಪ್ರೀತಿಸುತ್ತಾನೆ. ನೆಹ್ಲ್ಯೂದೊವ್ ಜೊತೆ ಮಾತಾಡುವಾಗ ಅವನು ಅವಳನ್ನು ಹೆಸರಿಸುವುದು ಕತೇರಿನಾ ಮಿಖಾಯ್ಲೊವ್ನಾ ಎಂದು. ಹೆಸರಿನ ಜೊತೆ ತಂದೆಯ ಹೆಸರು ಸೇರಿಸಿ ಕರೆಯುವುದು ರಷ್ಯನ್ನರ ಗೌರವದ ರೂಪ. ತಂದೆ ಯಾರೆಂದೇ ದಾಖಲಾಗದ ಈ ಹೆಣ್ಣಿಗೆ ಆ ಮಿಖಾಯ್ಲೊವ್ನಾ ಬಂದದ್ದು ಜ್ಞಾನಸ್ನಾನದ ಧರ್ಮಪಿತನಿಂದ. ಮುದ್ದಿನ ಹೆಸರುಗಳೆಲ್ಲ ಅವಳಿಗೆ ಕೊಡದ ಘನತೆಯನ್ನು ಮುದ್ದೇ ಇಲ್ಲದ ಈ ಹೆಸರು ಕೊಡುತ್ತದೆ. ಕಿರಿದಾಗಿಸುವ ಪ್ರತ್ಯಯವೆಂದರೆ ಯಾವಾಗಲೂ ಅಕ್ಕರೆ ಎಂದುಕೊಂಡವರು ಈ ಜಾಗದಲ್ಲಿ ನಿಂತು ಯೋಚಿಸಬೇಕು.

ಇದಕ್ಕೆ ಇತಿಹಾಸದ ಸಾಕ್ಷಿಯೂ ಉಂಟು. ಹಳೆಯ ರಷ್ಯಾದಲ್ಲಿ ಪ್ರಜೆಗಳು ತ್ಸಾರ್ ದೊರೆಗೆ ಅರ್ಜಿ ಬರೆಯುವಾಗ ತಮ್ಮನ್ನು ಇವಾನ್ ಎನ್ನದೆ ಇವಾಶ್ಕಾ ಎಂದು ಬರೆದುಕೊಳ್ಳಬೇಕಿತ್ತು. ಇದು ತನ್ನನ್ನು ತಾನೇ ಕುಗ್ಗಿಸಿಕೊಳ್ಳುವ ಪದ್ಧತಿ. ಪೀಟರ್ ದೊರೆ 1701ರ ಕೊನೆಯಲ್ಲಿ ಆಜ್ಞೆ ಹೊರಡಿಸಿ, ಅರೆ ಹೆಸರು ಬೇಡ, ಪೂರ್ತಿ ಹೆಸರು ಬರೆಯಿರಿ ಎಂದ. ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಇದು ಹೊಸತಲ್ಲ. ಕೆಲವರು ಹುಟ್ಟಿದಾಗಿನಿಂದ ಮಾರಪ್ಪ, ಮಾರಯ್ಯ. ಇನ್ನು ಕೆಲವರು ಮುದುಕರಾದರೂ ಬರೀ ಮಾರ. ಆ ‘ಅಪ್ಪ’ವನ್ನು ಯಾರಿಗೆ ಕೊಡುತ್ತಿದ್ದರು, ಯಾರಿಗೆ ಕೊಡುತ್ತಿರಲಿಲ್ಲ ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಅದೇ ‘ಮಾರ’ ಗೆಳೆಯನ ಬಾಯಲ್ಲಿ ಬಂದರೆ ಪ್ರೀತಿ. ಕಾತ್ಕಾ ಎಂಬ ರೂಪವನ್ನು ಅರಿಯಲು ಕನ್ನಡಿಗರಿಗೆ ಬೇರೆ ವ್ಯಾಕರಣ ಬೇಕಿಲ್ಲ.

ಹಾಗಾದರೆ ಕನ್ನಡಕ್ಕೆ ತರುವುದು ಹೇಗೆ? ಸುಲಭಕ್ಕೆ ಸಿಗುವ ದಾರಿ ‘ಪುಟ್ಟ’ ಎಂಬ ಪದವನ್ನು ಎಲ್ಲದಕ್ಕೂ ಅಂಟಿಸುವುದು. ಅದೇ ದೊಡ್ಡ ತಪ್ಪು. ರಷ್ಯನ್‌ನಲ್ಲಿ ಎಷ್ಟೋ ಪ್ರತ್ಯಯಗಳು ಬಳಸಿ ಬಳಸಿ ಸತ್ತಿವೆ. ವೊದಾ ಎಂದರೆ ನೀರು. ವೋದ್ಕಾ ಅದರ ಕಿರಿಯ ರೂಪ, ಆದರೆ ಇಂದು ಅದು ಮದ್ಯದ ಹೆಸರು ಮಾತ್ರ. ರುಕಾ ಎಂದರೆ ಕೈ. ರೂಚ್ಕಾ ಮಗುವಿನ ಪುಟ್ಟ ಕೈಯೂ ಹೌದು, ಬರೆಯುವ ಪೆನ್ನೂ ಹೌದು, ಬಾಗಿಲ ಹಿಡಿಯೂ ಹೌದು. ಮೊದಲನೆಯದರಲ್ಲಿ ಮಾತ್ರ ಪ್ರತ್ಯಯಕ್ಕೆ ಜೀವ ಇದೆ. ಇನ್ನು ಬಾತ್ಯುಶ್ಕಾ ಎಂಬ ಸಂಬೋಧನೆಯನ್ನು ಹಳೆಯ ಇಂಗ್ಲಿಷ್ ಅನುವಾದಗಳು ‘ಚಿಕ್ಕ ತಂದೆ’ ಎಂಬರ್ಥ ಬರುವಂತೆ ಅಕ್ಷರಶಃ ತಂದಿವೆ. ಇಂಗ್ಲಿಷ್ ಮೂಲಕ ಅದನ್ನು ಕನ್ನಡಕ್ಕೆ ತಂದರೆ ‘ಚಿಕ್ಕಪ್ಪ’ ಆಗಿಬಿಡುತ್ತದೆ. ಇಲ್ಲದ ನೆಂಟಸ್ತನವೊಂದು ಕತೆಯೊಳಗೆ ಹುಟ್ಟಿಕೊಳ್ಳುತ್ತದೆ! ರೈತ ಜಮೀನ್ದಾರನಿಗೆ ಆ ಪದ ಆಡಿದ್ದರೆ ‘ಬುದ್ಧಿ’ ಎಂದೋ ‘ಧಣಿ’ ಎಂದೋ ಬರಬೇಕು, ಪಾದ್ರಿಗೆ ಆಡಿದ್ದರೆ ‘ಸ್ವಾಮಿ’, ಸರೀಕನಿಗೆ ಆಡಿದ್ದರೆ ‘ಮಾರಾಯರೇ’.

ಕನ್ನಡದ ಅಕ್ಕರೆ ನಾಮಪದದ ಬಾಲದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಕ್ರಿಯಾಪದದ ಕೊನೆಯಲ್ಲಿ, ಸಂಬಂಧ ಸೂಚಿಸುವ ಪದಗಳಲ್ಲಿ ಇದೆ. ಬಾ, ಬಾರೇ, ಬಾಮ್ಮ, ಬಾ ಕಂದ, ಬನ್ನಿ: ಇಷ್ಟರಲ್ಲಿ ಒಂದು ಕುಟುಂಬದ ಚರಿತ್ರೆಯನ್ನೇ ಹೇಳಬಹುದು. ಆ ಮನೆಯ ಒಬ್ಬೊಬ್ಬರೂ ಹುಡುಗಿಯನ್ನು ಕರೆಯುವ ಬಗೆಯನ್ನು ಊಹಿಸಿಕೊಳ್ಳಿ (ಇವು ಕಾದಂಬರಿಯ ಮಾತುಗಳಲ್ಲ, ಉದಾಹರಣೆಗೆ ನಾನು ಕಟ್ಟಿದವು). ಮೆದು ಮನಸ್ಸಿನ ತಂಗಿ ಒಡತಿ ‘ಕತ್ಯೂಶಾ, ಬಾ ಕಂದ’ ಎನ್ನಲಿ. ಬಿಗಿಯ ಅಕ್ಕ ‘ಕತ್ಯೂಶಾ, ಬಾರೇ ಇಲ್ಲಿ’ ಎನ್ನಲಿ. ಸಿಮೊನ್ಸನ್ ‘ಕತೇರಿನಾ ಮಿಖಾಯ್ಲೊವ್ನಾ, ಬನ್ನಿ’ ಎನ್ನಲಿ. ಹೆಸರನ್ನು ರಷ್ಯನ್ ರೂಪದಲ್ಲೇ ಇಟ್ಟು, ಅದರ ಬಿಸುಪನ್ನೋ ತಣ್ಣಗಿನ ದೂರವನ್ನೋ ಪಕ್ಕದ ಪದಕ್ಕೆ ಹೊರಿಸಿದರೆ ಕೆಲಸ ಆಗುತ್ತದೆ. ಕತ್ಯೂಶಾಳನ್ನು ಲಚ್ಚಿ ಮಾಡುವುದು ಬೇಡ. ಸೈಬೀರಿಯಾಕ್ಕೆ ನಡೆದು ಹೋಗುವ ಲಚ್ಚಿಯನ್ನು ಯಾರೂ ನಂಬುವುದಿಲ್ಲ.

ವಸ್ತುಗಳ ಹೆಸರಿಗೂ ಈ ಉಪಾಯ ನಡೆಯುತ್ತದೆ. ಚಾಯ್ ಎಂದರೆ ಚಹಾ. ಅತಿಥಿಯನ್ನು ಉಪಚರಿಸುವಾಗ ರಷ್ಯನ್ನರು ಅದನ್ನು ಕಿರಿದಾಗಿಸಿ ‘ಚಾಯ್ಕೂ’ ಎನ್ನುತ್ತಾರೆ. ಲೋಟ ಚಿಕ್ಕದೆಂದಲ್ಲ, ಒತ್ತಾಯವನ್ನು ಹಗುರ ಮಾಡಲು. ನಮ್ಮ ಮನೆಗಳಲ್ಲಿ ‘ಒಂದು ಚೂರು ಕಾಫಿ ಕುಡಿದು ಹೋಗಿ’ ಎನ್ನುವುದೂ ಅದಕ್ಕೇ. ಇಲ್ಲಿ ಕನ್ನಡದ ‘ಚೂರು’ ಅವರ ಪ್ರತ್ಯಯ ಮಾಡುವ ಕೆಲಸವನ್ನೇ ಮಾಡುತ್ತದೆ.

ಕೆಲವೆಡೆ ಏನೂ ಮಾಡದಿರುವುದೇ ಲೇಸು. ಚೆಕಾಫ್ ಅವರ ‘ದೂಶೆಚ್ಕಾ’ ಕತೆಯ ಹೆಸರು ಆತ್ಮ ಎಂಬ ಪದಕ್ಕೆ ಮುದ್ದಿನ ಪ್ರತ್ಯಯ ಸೇರಿ ಆದದ್ದು. ಇಂಗ್ಲಿಷ್‌ನಲ್ಲಿ ಕಾನ್‌ಸ್ಟನ್ಸ್ ಗಾರ್ನೆಟ್ ಅದನ್ನು ‘ದಿ ಡಾರ್ಲಿಂಗ್’ ಎಂದರು. ಕತೆಯ ಓಲೆಂಕಾ ಮೊದಲ ಗಂಡನನ್ನು ವಾನಿಚ್ಕಾ ಎನ್ನುತ್ತಾಳೆ, ಅವನು ಸತ್ತ ಮೇಲೆ ಎರಡನೆಯವನನ್ನು ವಾಸಿಚ್ಕಾ, ಆಮೇಲೆ ಬಂದ ಪಶುವೈದ್ಯನನ್ನು ವೊಲೋದಿಚ್ಕಾ. ಗಂಡಸರು ಬದಲಾದರೂ ಪ್ರತ್ಯಯ ಬದಲಾಗಲಿಲ್ಲ. ಅವಳ ಸ್ವಭಾವವೆಲ್ಲ ಆ ಒಂದೇ ಬಾಲದಲ್ಲಿದೆ. ಈ ಪ್ರಾಸ ರಷ್ಯನ್ ಬಾರದ ಕಿವಿಗೂ ಕೇಳಿಸುತ್ತದೆ. ಇದನ್ನು ಮುಟ್ಟಬಾರದು.

ರಷ್ಯನ್ ಕತೆ, ಕಾದಂಬರಿಗಳನ್ನು ಕನ್ನಡಕ್ಕೆ ತರುವವರಲ್ಲಿ ಮತ್ತು ಪ್ರಕಟಿಸುವವರಲ್ಲಿ ನನ್ನದೊಂದು ಕೋರಿಕೆ. ಹೆಸರುಗಳನ್ನೆಲ್ಲ ಒಂದೇ ರೂಪಕ್ಕೆ ಇಳಿಸಬೇಡಿ. ಪುಸ್ತಕದ ಮೊದಲಿಗೆ ಒಂದು ಪುಟ ಬಿಟ್ಟುಕೊಟ್ಟು, ಪ್ರತಿ ಪಾತ್ರದ ಹೆಸರಿನ ರೂಪಗಳನ್ನೂ ಆ ರೂಪದಲ್ಲಿ ಕರೆಯುವವರು ಯಾರು ಎಂಬುದನ್ನೂ ಅಚ್ಚು ಹಾಕಿ.